‘ಜತ್ತಿಗೆ ಬನ್ನಿ’ ಎಂಬುದು ‘ಅತ್ತಿಗೆ ಬನ್ನಿ’ ಆಗದಿರಲಿ



ನಮ್ಮ ಯುವಬಳಗದ ಬರಹಗಳೆಲ್ಲ ಮೊದಲು ಮೊಬೈಲಿನಲ್ಲಿ ಟೈಪ್ ಆಗುತ್ತವೆ, ಆಮೇಲೆ ಲ್ಯಾಪ್‌ಟಾಪಿಗೆ ಬರುತ್ತವೆ. ಅಲ್ಲಿ ತಪ್ಪು ಹುಡುಕುವ ತಂತ್ರಾಂಶವೊಂದು ಕಾದು ಕುಳಿತಿರುತ್ತದೆ. ಕಾಗುಣಿತದ ಮೇಲೆ ಅನುಮಾನ ಬಂದರೆ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತದೆ, ವ್ಯಾಕರಣದ ಮೇಲೆ ಅನುಮಾನ ಬಂದರೆ ನೀಲಿ ಗೆರೆ. ಗೆರೆಯ ಮೇಲೆ ಒತ್ತಿದರೆ ‘ಇದನ್ನು ಹಾಕಲೇ?’ ಎಂದು ಬೇರೊಂದು ಪದ ತೋರಿಸುತ್ತದೆ. ಒಂದು ಪುಟಕ್ಕೆ ಇಪ್ಪತ್ತು ಮೂವತ್ತು ಗೆರೆ ಬೀಳುವುದು ನಮ್ಮಲ್ಲಿ ಸಾಮಾನ್ಯ. ಚಿಕ್ಕವರು ಅದನ್ನು ಕಂಡು ಹೆದರುತ್ತಾರೆ, ಎಲ್ಲಕ್ಕೂ ‘ಸರಿ’ ಒತ್ತಲು ಹೊರಡುತ್ತಾರೆ.

ಈ ಹೆದರಿಕೆ ಎಲ್ಲಿಂದ ಬಂತೆಂದು ನಮಗೆ ಗೊತ್ತು. ಕುಣಿಕೋಣೂರಿನಂಥ ಊರಿನಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಬೆಂಗಳೂರಿನ ಟಿವಿಯ ಕನ್ನಡ ಕೇಳಿದಾಗ ನಮ್ಮ ಮಾತು ಬೇರೆ ಎನಿಸುತ್ತದೆ. ‘ನಮ್ಮ ಕನ್ನಡನ ತಪ್ಪೈತಿ’ ಎಂದು ಮೊದಲೇ ಅಂದುಕೊಂಡವರಿಗೆ ಕೆಂಪು ಗೆರೆಯೂ ಅದನ್ನೇ ಹೇಳಿದಂತೆ ಆಗುತ್ತದೆ. ಆದ್ದರಿಂದ ಯಾವ ಗೆರೆಯನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂದು ನಾವು ಹೇಗೆ ತೀರ್ಮಾನಿಸುತ್ತೇವೆ ಎಂಬುದನ್ನು ನಮ್ಮ ಬರಹಗಳಿಂದಲೇ ನಾಲ್ಕು ಉದಾಹರಣೆ ತೆಗೆದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು: ಊರಿನ ಹೆಸರು

ಒಂದು ಸೂಚನೆಯಲ್ಲಿ ‘ಎಲ್ಲರೂ ಬೆಳಿಗ್ಗೆ ಜತ್ತಿಗೆ ಬನ್ನಿ’ ಎಂದು ಬರೆದಿದ್ದೆವು. ‘ಜತ್ತಿಗೆ’ ಕೆಳಗೆ ಕೆಂಪು ಗೆರೆ ಬಿತ್ತು. ತಂತ್ರಾಂಶ ಕೊಟ್ಟ ಮೊದಲ ಸಲಹೆ ‘ಅತ್ತಿಗೆ’, ಎರಡನೆಯದು ‘ಹತ್ತಿಗೆ’. ಮೊದಲನೆಯದನ್ನು ಒಪ್ಪಿದ್ದರೆ ಸೂಚನೆ ‘ಎಲ್ಲರೂ ಬೆಳಿಗ್ಗೆ ಅತ್ತಿಗೆ ಬನ್ನಿ’ ಎಂದಾಗುತ್ತಿತ್ತು. ಬಳಗದವರೆಲ್ಲ ನಕ್ಕರು. ಆದರೆ ತಂತ್ರಾಂಶ ಇದನ್ನೇ ಯಾಕೆ ಹೇಳಿತು ಎಂದು ತಿಳಿದುಕೊಂಡರೆ ಇಂಥ ನೂರು ಸಲಹೆಗಳನ್ನು ಗುರುತಿಸಬಹುದು.

ಅದರ ಬಳಿ ಒಂದು ಪದಪಟ್ಟಿ ಇರುತ್ತದೆ. ನಾವು ಬರೆದ ಪದ ಪಟ್ಟಿಯಲ್ಲಿ ಸಿಗದಿದ್ದರೆ ಅದು ಗೆರೆ ಎಳೆಯುತ್ತದೆ. ಆಮೇಲೆ ಎಷ್ಟು ಕಡಿಮೆ ಅಕ್ಷರ ಬದಲಿಸಿದರೆ ಪಟ್ಟಿಯಲ್ಲಿರುವ ಒಂದು ಪದ ಸಿಗುತ್ತದೆ ಎಂದು ಲೆಕ್ಕ ಹಾಕುತ್ತದೆ. ‘ಜ’ ತೆಗೆದು ‘ಅ’ ಹಾಕಿದರೆ ಅತ್ತಿಗೆ, ‘ಹ’ ಹಾಕಿದರೆ ಹತ್ತಿಗೆ. ಒಂದೇ ಅಕ್ಷರದ ದೂರ. ಜತ್ತ ಎಂಬುದು ನಮ್ಮ ತಾಲೂಕಿನ ಊರು, ಸಾಂಗಲಿ ಜಿಲ್ಲೆಯಲ್ಲಿದೆ ಎಂಬ ಸಂಗತಿ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಅಂದರೆ ಕೆಂಪು ಗೆರೆಯ ಅರ್ಥ ‘ಇದು ತಪ್ಪು’ ಎಂದಲ್ಲ, ‘ಇದು ನನ್ನ ಪಟ್ಟಿಯಲ್ಲಿಲ್ಲ’ ಎಂದಷ್ಟೇ. ‘ಕುಣಿಕೋಣೂರ’ ಎಂದು ಬರೆದಾಗಲೂ ಹೀಗೇ ಆಯಿತು. ‘ಕುಣಿ’ ಎಂಬುದು ಅದಕ್ಕೆ ಗೊತ್ತಿರುವ ಪದವಾದ್ದರಿಂದ ಊರನ್ನು ಎರಡು ತುಂಡು ಮಾಡಿ ‘ಕುಣಿ ಕೋಣೂರ’ ಎಂದು ಬರೆಯಲು ಹೇಳಿತು.

ಇದಕ್ಕೆ ನಮ್ಮ ಪರೀಕ್ಷೆ ಸುಲಭ. ಸಲಹೆಯ ಪದವನ್ನು ವಾಕ್ಯದಲ್ಲಿಟ್ಟು ಇಡೀ ವಾಕ್ಯವನ್ನು ಗಟ್ಟಿಯಾಗಿ ಓದುತ್ತೇವೆ. ಓದಿದ ಮೇಲೆ ‘ನಾವು ಹೇಳಬೇಕೆಂದಿದ್ದ ಸುದ್ದಿ ಇದೇನಾ?’ ಎಂದು ಕೇಳಿಕೊಳ್ಳುತ್ತೇವೆ. ‘ವಾಕ್ಯ ಸರಿಯಾಗಿ ಕೇಳುತ್ತದೆಯೇ?’ ಎಂದು ಕೇಳಿದರೆ ಸಾಲದು, ಏಕೆಂದರೆ ‘ಅತ್ತಿಗೆ ಬನ್ನಿ’ ಎಂಬುದೂ ಒಳ್ಳೆಯ ಕನ್ನಡವೇ. ಇಂಥ ಬದಲಾವಣೆಯ ದೊಡ್ಡ ಅಪಾಯವೂ ಇದೇ. ಒಪ್ಪಿಕೊಂಡ ಮೇಲೆ ಗೆರೆ ಮಾಯವಾಗುತ್ತದೆ, ಮುಂದೆ ಓದುವವರಿಗೆ ಅಲ್ಲಿ ಒಂದು ಊರಿತ್ತು ಎಂಬ ಗುರುತೂ ಉಳಿಯುವುದಿಲ್ಲ.

ಹೆಸರುಗಳನ್ನು ತಂತ್ರಾಂಶದ ಸ್ವಂತ ಪಟ್ಟಿಗೆ ಸೇರಿಸಬಹುದು. ಆದರೆ ‘ಜತ್ತ’ ಎಂದು ಸೇರಿಸಿದರೆ ‘ಜತ್ತಿಗೆ’, ‘ಜತ್ತಿನಿಂದ’, ‘ಜತ್ತಿನಲ್ಲಿ’ ತಾವಾಗಿ ಸೇರುವುದಿಲ್ಲ, ಒಂದೊಂದನ್ನೂ ಸೇರಿಸಬೇಕು. ಸೇರಿಸುವ ಮುನ್ನ ಅಕ್ಷರ ಸರಿಯಿದೆಯೇ ಎಂದು ಇಬ್ಬರು ನೋಡಬೇಕು. ತಪ್ಪು ರೂಪ ಒಮ್ಮೆ ಪಟ್ಟಿಗೆ ಸೇರಿದರೆ ಆ ತಪ್ಪಿಗೆ ಇನ್ನು ಮುಂದೆ ಗೆರೆಯೇ ಬೀಳುವುದಿಲ್ಲ.

ಎರಡನೆಯದು: ಕೂಡಿಕೊಂಡ ಪದಗಳು

‘ಮನೆಯಲ್ಲಿದ್ದವರಿಗೂ ಬುತ್ತಿ ಕಳಿಸಿದೆವು’ ಎಂಬ ವಾಕ್ಯದ ಮೊದಲ ಪದಕ್ಕೆ ಗೆರೆ ಬಿತ್ತು. ನಮ್ಮ ಬರಹಗಳಲ್ಲಿ ಬೀಳುವ ಕೆಂಪು ಗೆರೆಗಳಲ್ಲಿ ಹೆಚ್ಚಿನವು ಈ ಜಾತಿಯವೇ. ಇದರ ಕಾರಣ ಕನ್ನಡದ ಸ್ವಭಾವದಲ್ಲೇ ಇದೆ. ಇಂಗ್ಲಿಷಿನಲ್ಲಿ ನಾಲ್ಕೈದು ಬಿಡಿ ಪದಗಳಲ್ಲಿ ಹೇಳುವುದನ್ನು ನಾವು ಒಂದೇ ಪದಕ್ಕೆ ಪ್ರತ್ಯಯ ಸೇರಿಸುತ್ತ ಹೇಳುತ್ತೇವೆ. ಹೀಗೆ ಹುಟ್ಟುವ ರೂಪಗಳನ್ನೆಲ್ಲ ಯಾವ ಪಟ್ಟಿಯಲ್ಲೂ ಬರೆದಿಡಲು ಆಗುವುದಿಲ್ಲ.

ಈ ತೊಂದರೆಗೆ ಒಂದು ಜಾಣ ಉಪಾಯವಿದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಕಾಗುಣಿತ ನೋಡಲು ಬಳಸುವ ಹನ್‌ಸ್ಪೆಲ್ ಎಂಬ ಮುಕ್ತ ತಂತ್ರಾಂಶ ಹಂಗೇರಿ ದೇಶದ ಭಾಷೆಗಾಗಿ ಹುಟ್ಟಿದ್ದು. ಹಂಗೇರಿಯನ್ ಕೂಡ ಕನ್ನಡದಂತೆ ಪ್ರತ್ಯಯದ ಮೇಲೆ ಪ್ರತ್ಯಯ ಹಚ್ಚುವ ಭಾಷೆ. ಅದರಲ್ಲಿ ಎರಡು ಕಡತಗಳಿರುತ್ತವೆ: ಒಂದರಲ್ಲಿ ಮೂಲ ಪದಗಳು, ಇನ್ನೊಂದರಲ್ಲಿ ಪ್ರತ್ಯಯದ ನಿಯಮಗಳು. ಕನ್ನಡಕ್ಕೆ ಬರೆದರೆ ಹೀಗಿರುತ್ತದೆ:

```
ಮನೆ/A

SFX A Y 2
SFX A 0 ಯಲ್ಲಿ .
SFX A 0 ಯಿಂದ .
```

ಮೊದಲ ಸಾಲು ಪದದ ಕಡತದ್ದು, ಉಳಿದದ್ದು ನಿಯಮದ ಕಡತದ್ದು. ‘ಮನೆ ಎಂಬ ಪದಕ್ಕೆ A ಗುಂಪಿನ ಪ್ರತ್ಯಯ ಹತ್ತುತ್ತದೆ, ಆ ಗುಂಪಿನಲ್ಲಿ ಯಲ್ಲಿ, ಯಿಂದ ಎಂಬ ಎರಡಿವೆ’ ಎಂದು ಇದರ ಅರ್ಥ. ಹೀಗಾಗಿ ‘ಮನೆಯಲ್ಲಿ’, ‘ಮನೆಯಿಂದ’ ಎಂಬುವನ್ನು ಬೇರೆಯಾಗಿ ಬರೆದಿಡುವುದು ಬೇಡ. ಆದರೆ ಇದಕ್ಕೂ ಮಿತಿಯಿದೆ. ಹನ್‌ಸ್ಪೆಲ್ ಒಂದು ಪದದ ಬಾಲದಿಂದ ಒಂದರ ಮೇಲೊಂದು ಎರಡು ಪ್ರತ್ಯಯಗಳನ್ನು ಬಿಚ್ಚಿ ನೋಡುತ್ತದೆ. ನಮ್ಮ ಪದದಲ್ಲಿ ಎಷ್ಟಿವೆ ನೋಡಿ: ಮನೆ, ಅಲ್ಲಿ, ಇದ್ದ, ಅವರು, ಇಗೆ, ಊ. ಇಷ್ಟು ಆಳಕ್ಕೆ ನಿಯಮ ತಲುಪದಿದ್ದರೆ ಪದ ‘ಗೊತ್ತಿಲ್ಲ’ ಎಂದಾಗುತ್ತದೆ, ಗೆರೆ ಬೀಳುತ್ತದೆ.

ಯಂತ್ರ ಬಿಚ್ಚಲಾಗದ್ದನ್ನು ನಾವು ಬಿಚ್ಚಬಹುದು. ಶಾಲೆಯಲ್ಲಿ ಕಲಿತ ಸಂಧಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಮನೆ + ಅಲ್ಲಿ ಸೇರುವಾಗ ನಡುವೆ ‘ಯ್’ ಬಂದು ‘ಮನೆಯಲ್ಲಿ’ ಆಗುತ್ತದೆ, ಇದು ಆಗಮ ಸಂಧಿ. ಮನೆಯಲ್ಲಿ + ಇದ್ದವರಿಗೆ ಸೇರುವಾಗ ಒಂದು ‘ಇ’ ಬಿದ್ದುಹೋಗುತ್ತದೆ, ಇದು ಲೋಪ ಸಂಧಿ. ಕೊನೆಗೆ ಇದ್ದವರಿಗೆ + ಊ ಸೇರಿ ‘ಇದ್ದವರಿಗೂ’. ಪ್ರತಿ ತುಂಡೂ ನಿಜವಾದ ಪದ ಅಥವಾ ಪ್ರತ್ಯಯ, ಪ್ರತಿ ಕೀಲೂ ಗೊತ್ತಿರುವ ಸಂಧಿ. ಹಾಗಾದರೆ ಪದ ಸರಿ, ಗೆರೆ ತಪ್ಪು.

ಈ ಪರೀಕ್ಷೆ ಎರಡೂ ಕಡೆಗೆ ನ್ಯಾಯ ಹೇಳುತ್ತದೆ. ಅದೇ ಪುಟದಲ್ಲಿ ಕೆಳಗೆ ಒಬ್ಬರು ಅವಸರದಲ್ಲಿ ‘ಮನೆಯಲ್ಲಿದವರು’ ಎಂದು ಬರೆದಿದ್ದರು. ಅಲ್ಲಿಯೂ ಅದೇ ಕೆಂಪು ಗೆರೆ. ಬಿಚ್ಚಿದರೆ ‘ಮನೆಯಲ್ಲಿ’ ಮತ್ತು ‘ಇದವರು’ ಸಿಗುತ್ತವೆ. ‘ಇದ್ದವರು’ ಉಂಟು, ‘ಇದವರು’ ಇಲ್ಲ. ಒತ್ತಕ್ಷರ ಬಿಟ್ಟುಹೋಗಿದೆ, ಇಲ್ಲಿ ತಂತ್ರಾಂಶವೇ ಸರಿ. ನೋಡಲು ಎರಡು ಗೆರೆಗಳೂ ಒಂದೇ ಬಣ್ಣ, ಒಂದೇ ಉದ್ದ. ಬಿಚ್ಚಿ ನೋಡದೆ ಅವೆರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ.

ಬಿಡಿಸಿ ಬರೆಯಿರಿ ಎಂಬ ಸಲಹೆಗಳನ್ನೂ ಹೀಗೇ ತೂಗಬೇಕು. ‘ಮನೆಯಲ್ಲಿ ಇದ್ದವರಿಗೂ’ ಎಂದು ಬಿಡಿಸಿದರೆ ಅರ್ಥ ಕೆಡುವುದಿಲ್ಲ. ಚಿಕ್ಕ ಮಕ್ಕಳು ಓದುವ ಬರಹವಾದರೆ ಒಪ್ಪಿಕೊಳ್ಳುತ್ತೇವೆ. ‘ಮನೆಗೆಲಸ’ವನ್ನು ‘ಮನೆ ಗೆಲಸ’ ಎಂದು ಬಿಡಿಸಿದರೆ ಮಾತ್ರ ಒಪ್ಪುವುದಿಲ್ಲ. ಅಲ್ಲಿ ‘ಕೆಲಸ’ದ ಕಕಾರ ಗಕಾರವಾಗಿದೆ, ಆದೇಶ ಸಂಧಿ. ‘ಗೆಲಸ’ ಎಂಬ ಪದ ಒಂಟಿಯಾಗಿ ನಿಲ್ಲುವುದಿಲ್ಲ. ಇನ್ನು ‘ಅವನು ಬರಲಿಲ್ಲ’ ಎಂಬುದನ್ನು ‘ಅವನು ಬರಲಿ ಇಲ್ಲ’ ಎಂದು ಒಡೆದರೆ ಬಾರದೆ ಹೋದವನ ಸುದ್ದಿ ಕೆಟ್ಟು, ಅವನು ಬರಲಿ ಎಂಬ ಹಾರೈಕೆಯೂ ‘ಇಲ್ಲ’ ಎಂಬ ಒಂಟಿ ಪದವೂ ಉಳಿಯುತ್ತವೆ. ಒಡೆದ ಜಾಗದಲ್ಲಿ ಹೊಸ ಅರ್ಥ ಹುಟ್ಟಿದರೆ ಆ ಸಲಹೆ ಬೇಡ.

ಮೂರನೆಯದು: ಕರ್ತೃ ಮತ್ತು ಕ್ರಿಯಾಪದ

ನೀಲಿ ಗೆರೆ ಹೆಚ್ಚು ನಯವಾಗಿ ದಾರಿ ತಪ್ಪಿಸುತ್ತದೆ. ‘ಹೊಲಗಳ ನಡುವಿನ ದಾರಿ ಕೆಟ್ಟಿದೆ’ ಎಂದು ಬರೆದಾಗ ‘ಕೆಟ್ಟಿವೆ’ ಎಂದು ಮಾಡಲು ಸಲಹೆ ಬಂತು. ‘ಹೊಲಗಳ’ ಎಂಬ ಬಹುವಚನ ಕಂಡು ಕ್ರಿಯಾಪದವೂ ಬಹುವಚನ ಆಗಬೇಕೆಂದು ಅದು ಲೆಕ್ಕ ಹಾಕಿದೆ. ಇಲ್ಲಿ ಕ್ರಿಯಾಪದಕ್ಕೆ ಒಂದು ಪ್ರಶ್ನೆ ಕೇಳಬೇಕು: ಏನು ಕೆಟ್ಟಿದೆ? ದಾರಿ. ಹೊಲಗಳಲ್ಲ. ‘ಹೊಲಗಳ’ ಎಂಬುದು ಷಷ್ಠಿ ವಿಭಕ್ತಿ, ಅದು ಈ ವಾಕ್ಯದ ಕರ್ತೃ ಆಗಲಾರದು. ದಾರಿ ಒಂದೇ, ಆದ್ದರಿಂದ ‘ಕೆಟ್ಟಿದೆ’ಯೇ ಸರಿ. ಇದೇ ಪ್ರಶ್ನೆ ಕೇಳಿದಾಗ ‘ದಾರಿಗಳು’ ಎಂಬ ಉತ್ತರ ಬಂದಿದ್ದರೆ ಸಲಹೆಯನ್ನು ಒಪ್ಪಲೇಬೇಕಿತ್ತು.

ಗೌರವದ ವಿಷಯದಲ್ಲಿ ಈ ಪ್ರಶ್ನೆಯೊಂದೇ ಸಾಲದು. ‘ನಮ್ಮ ಅಜ್ಜಿ ಹೇಳಿದರು’ ಎಂಬುದನ್ನು ‘ಹೇಳಿದಳು’ ಮಾಡಲು ನೀಲಿ ಗೆರೆ ಹೇಳುತ್ತದೆ. ಅಜ್ಜಿ ಒಬ್ಬಳೇ, ಹೆಣ್ಣು, ಹಾಗಾಗಿ ‘ಹೇಳಿದಳು’ ಎಂಬುದು ಅದರ ಲೆಕ್ಕ. ಲೆಕ್ಕ ತಪ್ಪಲ್ಲ, ಆದರೆ ಕನ್ನಡದಲ್ಲಿ ಒಬ್ಬರಿಗೂ ಬಹುವಚನ ಹಚ್ಚುವುದುಂಟು. ಅದಕ್ಕೆ ಗೌರವಾರ್ಥಕ ಬಹುವಚನ ಎಂದು ಹೆಸರು. ಮನೆಯಲ್ಲಿ ಮೊಮ್ಮಕ್ಕಳು ‘ನಮ್ಮಜ್ಜಿ ಹೇಳ್ಯಾಳ’ ಎನ್ನುತ್ತಾರೆ, ಅದರಲ್ಲಿ ಅಗೌರವವಿಲ್ಲ, ಸಲುಗೆಯಿದೆ. ಅದೇ ಅಜ್ಜಿಯ ಬಗ್ಗೆ ಎಲ್ಲರೂ ಓದುವ ಕರಪತ್ರದಲ್ಲಿ ಬರೆಯುವಾಗ ‘ಹೇಳಿದರು’ ಎನ್ನುತ್ತೇವೆ. ಯಾರು, ಯಾರ ಬಗ್ಗೆ, ಯಾರ ಮುಂದೆ ಮಾತಾಡುತ್ತಿದ್ದಾರೆ ಎಂಬುದರ ಮೇಲೆ ಇದು ನಿಂತಿದೆ. ಆ ಮೂವರಲ್ಲಿ ಒಬ್ಬರೂ ತಂತ್ರಾಂಶದ ಕಣ್ಣಿಗೆ ಬೀಳುವುದಿಲ್ಲ.

ಇದರ ತಿರುವುಮುರುವು ಉದಾಹರಣೆ ನಮಗೆಲ್ಲ ಹತ್ತಿರದ್ದು. ‘ದೇವರು ಇದ್ದಾನೆ’ ಎಂದು ಬರೆದರೆ ‘ದೇವರು ಇದ್ದಾರೆ’ ಎಂಬ ಸಲಹೆ ಬರುತ್ತದೆ. ‘-ರು’ ಕೊನೆಯಲ್ಲಿದ್ದರೆ ಬಹುವಚನ ಎಂಬ ನಿಯಮ ಇಲ್ಲಿ ಕೆಲಸ ಮಾಡಿದೆ. ಆದರೆ ‘ದೇವರು’ ಎಂಬುದರ ‘-ರು’ ಗೌರವದ್ದು, ಅರ್ಥ ಒಬ್ಬನೇ ಎಂಬುದು. ಹಲವರು ಎನ್ನಬೇಕಾದಾಗ ಕನ್ನಡಿಗರು ಇನ್ನೊಂದು ಪ್ರತ್ಯಯ ಹಚ್ಚಿ ‘ದೇವರುಗಳು’ ಎನ್ನುತ್ತಾರೆ. ಅದಕ್ಕೇ ನಮ್ಮ ಹಿರಿಯರು ಕಷ್ಟದಲ್ಲಿ ‘ದೇವರ ಅದಾನ’ ಎಂದಾಗ ಯಾರಿಗೂ ತಪ್ಪು ಎನಿಸುವುದಿಲ್ಲ. ಹಳೆಯ ಸತ್ಯವೇದದ ಅನುವಾದದಲ್ಲಿ ದೇವರು ಎಂಬ ಪದಕ್ಕೆ ಏಕವಚನದ ಕ್ರಿಯಾಪದವೇ ಬರುತ್ತದೆ. ಕಥೋಲಿಕರ ಅನುವಾದದಲ್ಲಿ ಯೇಸುವಿನ ಮಾತು ಹೇಳುವಾಗ ಗೌರವದ ಬಹುವಚನ ಬಳಸುತ್ತಾರೆ. ಎರಡೂ ಕನ್ನಡವೇ. ಆದ್ದರಿಂದ ಇಲ್ಲಿ ನೋಡಬೇಕಾದದ್ದು ಒಂದೇ ಬರಹದಲ್ಲಿ ಒಂದು ಕಡೆ ‘ಇದ್ದಾನೆ’, ಮುಂದಿನ ಸಾಲಿನಲ್ಲಿ ‘ಬಲ್ಲರು’ ಎಂದು ಬೆರೆತಿದೆಯೇ ಎಂಬುದನ್ನು. ಬೆರೆತಿದ್ದರೆ ನೀಲಿ ಗೆರೆ ಉಪಕಾರ ಮಾಡಿದೆ. ಯಾವುದಕ್ಕೆ ಹೊಂದಿಸಬೇಕು ಎಂಬುದನ್ನು ಮಾತ್ರ ಬರೆದವರೇ ಹೇಳಬೇಕು.

ನಾಲ್ಕನೆಯದು: ಹಿರಿಯರ ಮಾತು

ನಮಗೆ ಎಲ್ಲಕ್ಕಿಂತ ಚಿಂತೆ ಹಚ್ಚಿದ್ದು ಇದು. ಊರಿನ ಹಿರಿಯರಿಂದ ಹಿಂದಿನ ಕಾಲದ ಸಂಗತಿ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳುತ್ತಿದ್ದೇವೆ. ಒಬ್ಬ ಅಜ್ಜ ಹೇಳಿದ್ದು: ‘ಆಗ ನಮ್ಮ ಹೊಲದಾಗ ಬಾವಿ ಇತ್ತು, ಬ್ಯಾಸಗ್ಯಾಗೂ ನೀರ ಇರ್ತಿತ್ತು.’ ಟೈಪ್ ಮಾಡಿದ ಕೂಡಲೇ ‘ಹೊಲದಾಗ’ ಪದಕ್ಕೆ ಗೆರೆ ಬಿತ್ತು, ಸಲಹೆ ‘ಹೊಲದಾಚೆ’. ಒಪ್ಪಿದರೆ ವಾಕ್ಯ ‘ನಮ್ಮ ಹೊಲದಾಚೆ ಬಾವಿ ಇತ್ತು’ ಎಂದಾಗುತ್ತದೆ. ಹೊಲದೊಳಗಿದ್ದ ಬಾವಿ ಒಂದೇ ಒತ್ತಿಗೆ ಹೊಲದ ಹೊರಗೆ ಹೋಯಿತು. ನೀರಿಗೆ ಪರದಾಡುವ ನಮ್ಮ ಸೀಮೆಯಲ್ಲಿ ಬಾವಿ ಯಾರ ಹೊಲದಲ್ಲಿತ್ತು ಎಂಬುದು ಸಣ್ಣ ಮಾತಲ್ಲ. ಅಜ್ಜ ಹೇಳದ ಸಂಗತಿಯನ್ನು ಅಜ್ಜನ ಬಾಯಲ್ಲಿಟ್ಟು ಅಚ್ಚು ಮಾಡಿದಂತೆ ಆಗುತ್ತಿತ್ತು.

‘ಹೊಲದಾಗ’ ತಪ್ಪೋ, ನಮ್ಮ ಸೀಮೆಯ ರೂಪವೋ ಎಂದು ಹೇಗೆ ಹೇಳುವುದು? ನಾವು ಬೇರೆ ಪದಗಳಲ್ಲಿ ಅದೇ ಬಾಲ ಹುಡುಕುತ್ತೇವೆ. ಮನ್ಯಾಗ, ಊರಾಗ, ಬಾವ್ಯಾಗ, ಸಾಲ್ಯಾಗ. ಪುಸ್ತಕದ ಕನ್ನಡ ‘ಅಲ್ಲಿ’ ಎನ್ನುವ ಜಾಗದಲ್ಲೆಲ್ಲ ನಮ್ಮ ಮಾತು ತಪ್ಪದೆ ‘ಆಗ’ ಎನ್ನುತ್ತದೆ. ಎಡವಿ ಆದ ತಪ್ಪು ಒಮ್ಮೆ ಹೀಗೆ, ಒಮ್ಮೆ ಹಾಗೆ ಇರುತ್ತದೆ. ಹತ್ತು ಪದಗಳಲ್ಲಿ ಹತ್ತೂ ಸಲ ಒಂದೇ ರೀತಿ ಬಂದರೆ ಅದು ನಿಯಮ, ಅಂದರೆ ಅದೂ ವ್ಯಾಕರಣವೇ. ಅಜ್ಜನಿಗೆ ಆ ವ್ಯಾಕರಣ ಗೊತ್ತಿದೆ, ತಂತ್ರಾಂಶಕ್ಕೆ ಗೊತ್ತಿಲ್ಲ.

ಹಾಗೆಂದು ಎಲ್ಲ ಕಡೆಯೂ ‘ಹೊಲದಾಗ’ ಎಂದೇ ಬರೆಯುವುದಿಲ್ಲ. ಉದ್ಧರಣ ಚಿಹ್ನೆಯೊಳಗೆ ಹಿರಿಯರ ಮಾತನ್ನು ಒಂದಕ್ಷರವೂ ಬದಲಿಸದೆ ಇಡುತ್ತೇವೆ. ಹೊರಗಿನ ನಮ್ಮ ವಾಕ್ಯದಲ್ಲಿ ‘ಹೊಲದಲ್ಲಿ’ ಎಂದು ಬರೆಯುತ್ತೇವೆ. ಅರ್ಜಿ ಬರೆಯುವಾಗಲೂ ಪುಸ್ತಕದ ಕನ್ನಡವೇ. ಒಂದೇ ಪದ ಒಂದು ಕಡೆ ಇರಬೇಕು, ಇನ್ನೊಂದು ಕಡೆ ಬದಲಾಗಬೇಕು. ‘ಎಲ್ಲ ಕಡೆ ಬದಲಿಸು’ ಎಂಬ ಗುಂಡಿಯನ್ನು ನಾವು ಮುಟ್ಟದಿರುವುದು ಇದಕ್ಕೇ.

ಅನುಮಾನ ಉಳಿದಾಗ

ಕೆಲವು ಪದಗಳು ಈ ಯಾವ ಪರೀಕ್ಷೆಗೂ ಜಗ್ಗುವುದಿಲ್ಲ. ಆಗ ನಿಘಂಟು ನೋಡಬೇಕು. ಫರ್ಡಿನಾಂಡ್ ಕಿಟ್ಟೆಲ್ ಅವರು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಅಚ್ಚಾಯಿತು. ಇಂದಿಗೂ ಜನ ಅದನ್ನು ತೆರೆಯುತ್ತಾರೆ. ವಿ. ಕೃಷ್ಣ ಅವರ ಅಲರ್ ನಿಘಂಟು `alar.ink` ಎಂಬಲ್ಲಿ ಮೊಬೈಲಿನಲ್ಲೇ ಸಿಗುತ್ತದೆ. ಒಂದು ಮಾತು ನೆನಪಿರಲಿ: ನಿಘಂಟಿನಲ್ಲಿ ಮೂಲ ಪದ ಹುಡುಕಬೇಕು. ‘ಮನೆಗೆಲಸದವರಿಗೆ’ ಎಂದು ಹುಡುಕಿದರೆ ಸಿಗದು, ‘ಮನೆಗೆಲಸ’ ಅಥವಾ ‘ಕೆಲಸ’ ಎಂದು ಹುಡುಕಬೇಕು. ಸಿಗಲಿಲ್ಲ ಎಂದ ಮಾತ್ರಕ್ಕೆ ಪದ ತಪ್ಪು ಎಂದೂ ಅಲ್ಲ.

ಗಡಿಯ ಪದಗಳಲ್ಲಿ ನಿಘಂಟೂ ಪೂರ್ತಿ ತೀರ್ಪು ಕೊಡದಿರಬಹುದು. ಮರಾಠಿಯಲ್ಲಿ ‘ತಲಾಠಿ’ ಎಂದು ಮಹಾಪ್ರಾಣದಲ್ಲಿ ಬರೆಯುತ್ತಾರೆ, ಕನ್ನಡದಲ್ಲಿ ‘ತಲಾಟಿ’ ಎಂದು ಬರೆಯುವವರೂ ಇದ್ದಾರೆ. ತಂತ್ರಾಂಶ ಒಂದನ್ನು ತಿದ್ದಿ ಇನ್ನೊಂದನ್ನು ಹಾಕು ಎಂದರೆ ಅದು ತಪ್ಪನ್ನು ತಿದ್ದುತ್ತಿಲ್ಲ, ತನ್ನ ಪಟ್ಟಿಯಲ್ಲಿರುವುದನ್ನು ಹೇಳುತ್ತಿದೆ ಅಷ್ಟೇ. ನಾವು ಇಲ್ಲಿನ ಕಚೇರಿಯ ಫಲಕದಲ್ಲಿರುವಂತೆ ‘ತಲಾಠಿ’ ಎಂದು ಇಟ್ಟುಕೊಂಡಿದ್ದೇವೆ, ಎಲ್ಲ ಕಡೆ ಹಾಗೇ ಬರೆಯುತ್ತೇವೆ.

ಈಗ ಬಳಗದಲ್ಲಿ ಇಬ್ಬರು ಕೂಡಿ ತಿದ್ದುವ ರೂಢಿಯಿದೆ. ಒಬ್ಬರು ಪರದೆ ನೋಡದೆ ಮೂಲದ ಕೈಬರಹ ಓದುತ್ತಾರೆ, ಇನ್ನೊಬ್ಬರು ಗೆರೆಗಳ ಮೇಲೆ ಬೆರಳಿಟ್ಟು ಹೋಗುತ್ತಾರೆ. ‘ಪ್ರಾರ್ತನೆ’ಯಂಥದ್ದು ಸಿಕ್ಕರೆ ‘ಪ್ರಾರ್ಥನೆ’ ಎಂದು ಕೂಡಲೇ ತಿದ್ದುತ್ತಾರೆ, ಅಂಥ ಕಡೆ ತಂತ್ರಾಂಶಕ್ಕಿಂತ ಚುರುಕಾದ ಕಣ್ಣು ನಮಗಿಲ್ಲ. ಹೆಸರು ಸಿಕ್ಕರೆ ಪಟ್ಟಿಗೆ ಸೇರಿಸುತ್ತಾರೆ. ಕೂಡಿದ ಪದವಾದರೆ ಬಿಚ್ಚಿ ನೋಡುತ್ತಾರೆ. ಹಿರಿಯರ ಮಾತಾದರೆ, ಹೇಳಿದವರು ಊರಲ್ಲೇ ಇದ್ದಾರೆ, ಹೋಗಿ ಕೇಳುತ್ತಾರೆ.

ನಿಮ್ಮ ಮನೆಯ ಹಿರಿಯರ ಮಾತುಗಳನ್ನು ಬರೆದು ಕಳಿಸುವವರಲ್ಲಿ ಒಂದು ವಿನಂತಿ. ಕೆಂಪು ಗೆರೆಗಳಿದ್ದರೆ ಇರಲಿ, ಅವುಗಳನ್ನು ಅಳಿಸಲು ಪದ ಬದಲಿಸಬೇಡಿ. ಅವರು ಹೇಗೆ ಅಂದರೋ ಹಾಗೆಯೇ ಟೈಪ್ ಮಾಡಿ ಕಳಿಸಿ. ಗೆರೆಗಳನ್ನು ಕೂತು ಒಂದೊಂದಾಗಿ ನೋಡೋಣ.